ಹಾಲಿಗೆ ಅಳತೆ ಇದೆ, ಕೌದಿಗೆ ಯಾಕಿಲ್ಲ?

ಅಕ್ಕಂದಿರೆ, ತಂಗಿಯಂದಿರೆ,

ದಿನಕ್ಕೆ ಎರಡು ಹೊತ್ತು ನೀವು ಡೇರಿಗೆ ಹಾಲು ಹಾಕುತ್ತೀರಿ. ಕಾರ್ಯದರ್ಶಿ ಹಾಲನ್ನು ತೂಗುತ್ತಾರೆ, ಫ್ಯಾಟು ನೋಡುತ್ತಾರೆ, ಚೀಟಿ ಕೊಡುತ್ತಾರೆ. ಒಂದು ಪಾಯಿಂಟು ಕಡಿಮೆ ಬಂದರೂ ‘ಯಾಕೆ ಬಂತು’ ಎಂದು ನೀವು ಕೇಳದೆ ಬಿಡುವುದಿಲ್ಲ. ಅದೇ ನೀವು ತಿಂಗಳುಗಟ್ಟಲೆ ಕೂತು ಒಂದು ಕೌದಿ ಹೊಲಿದಾಗ, ಅದಕ್ಕೆ ಎಷ್ಟು ತಾಸು ಹಿಡಿಯಿತು, ಎಷ್ಟು ಅರಿವೆ ಹೋಯಿತು ಎಂದು ಬರೆದಿಟ್ಟವರು ನಿಮ್ಮಲ್ಲಿ ಎಷ್ಟು ಜನ? ಕೊಳ್ಳುವವರು ಬಂದು ‘ಹಳೇ ಸೀರೆ ತಾನೆ, ಇಷ್ಟು ತಗೊಳ್ಳಿ’ ಎಂದರೆ ಕೊಟ್ಟು ಕಳಿಸುತ್ತೇವೆ.

ಈಗ ನಮ್ಮ ಊರುಗಳಲ್ಲಿ ‘ಆನ್‌ಲೈನ್ ಮಾರೋಣ’ ಎಂಬ ಮಾತು ಜೋರಾಗಿದೆ. ಕಲಬುರಗಿಯ ಜೋಳದ ರೊಟ್ಟಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೈಯಿಂದ ಆನ್‌ಲೈನ್ ಮಾರಾಟಕ್ಕೆ ಹೋಗಿ ಹೆಸರು ಮಾಡಿದ ಮೇಲೆ, ‘ನಾವೇನು ಮಾರಬಹುದು’ ಎಂದು ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಸಂಘಗಳಲ್ಲಿಯೂ ಕೇಳುತ್ತಿದ್ದಾರೆ. ನನ್ನ ಉತ್ತರ ಕೌದಿ. ಆದರೆ ನಿಮ್ಮ ಮನೆಯಲ್ಲಿರುವ ದೊಡ್ಡ ಕೌದಿ ಅಲ್ಲ, ಮಗುವಿಗೆ ಹಾಸುವ ಸಣ್ಣ ಕೌದಿ. ಅದನ್ನೂ ತಾಸಿನ ಲೆಕ್ಕ ಹಾಕದೆ ಮಾರಲಿಕ್ಕೆ ಇಡಬಾರದು ಎಂಬುದು ನನ್ನ ವಾದ.

ಮೊದಲು ದೊಡ್ಡ ಕೌದಿ ಯಾಕೆ ಬೇಡ ಎಂದು ಹೇಳುತ್ತೇನೆ. ಘತ್ತರಗಿಯಿಂದ ಸೊಲ್ಲಾಪುರ ದೂರವೇನಲ್ಲ. ಭಾಗ್ಯವಂತಿ ದೇವಿಗೆ ಬರುವ ಭಕ್ತರಲ್ಲಿ ಮಹಾರಾಷ್ಟ್ರದವರು ಬಹಳ. ಆ ಕಡೆಯ ಸೊಲ್ಲಾಪುರಿ ಚಾದರ ನಮ್ಮ ಪ್ರತಿ ಮನೆಯಲ್ಲೂ ಇದೆ. ಅದು ಮಗ್ಗದ ಮೇಲೆ ತಯಾರಾಗುತ್ತದೆ, ದಪ್ಪ ಇರುತ್ತದೆ, ಅಗ್ಗವಾಗಿ ಸಿಗುತ್ತದೆ. ಹೊದೆಯಲು ಒಂದು ದೊಡ್ಡ ಅರಿವೆ ಬೇಕು ಎನ್ನುವವರು ನಿಮ್ಮ ಕೌದಿಯನ್ನು ಆ ಚಾದರದ ಪಕ್ಕದಲ್ಲಿಟ್ಟು ಬೆಲೆ ನೋಡುತ್ತಾರೆ. ಆ ಪಂದ್ಯದಲ್ಲಿ ಕೈಹೊಲಿಗೆ ಗೆಲ್ಲುವುದಿಲ್ಲ. ಐದಾರು ಪದರಿನ ದೊಡ್ಡ ಕೌದಿ ಎರಡು-ಮೂರು ಕಿಲೋ ತೂಗುವುದರಿಂದ ಕೊರಿಯರ್ ಖರ್ಚೂ ಹೆಚ್ಚು. ತಿಂಗಳಿಗೂ ಹೆಚ್ಚು ದಿನ ಹೊಲಿದದ್ದು ಮಾರಾಟವಾಗದೆ ಉಳಿದರೆ ನಿಮ್ಮ ದುಡಿಮೆ ಟ್ರಂಕಿನಲ್ಲೇ ಮಲಗುತ್ತದೆ.

ಸಣ್ಣ ಕೌದಿಯ ಲೆಕ್ಕ ಬೇರೆ. ಮಗು ಹುಟ್ಟಿದ ಮನೆಗೆ ಉಡುಗೊರೆ ಒಯ್ಯುವವರು ಚಾದರದ ಬೆಲೆ ನೋಡುವುದಿಲ್ಲ. ಅವರಿಗೆ ಮೆತ್ತಗಿರುವ, ಕೈಯಿಂದ ಹೊಲಿದ, ಬೇರೆ ಕಡೆ ಸಿಗದ ಒಂದು ವಸ್ತು ಬೇಕು. 36 ಇಂಚು ಅಗಲ, 42 ಇಂಚು ಉದ್ದದ, ಮೂರು ಪದರಿನ ಕೌದಿ ಸುಮಾರು ಅರ್ಧ ಕಿಲೋದೊಳಗೆ ಬರುತ್ತದೆ. ಕೊರಿಯರ್‌ನವರು ಅರ್ಧ ಕಿಲೋ ಒಂದು ದರ, ಅದು ದಾಟಿದರೆ ಇನ್ನೊಂದು ದರ ಎಂದು ಹಿಡಿಯುವುದುಂಟು. ಆದ್ದರಿಂದ ಕಟ್ಟಿದ ಮೇಲೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿರಿ.

ಇನ್ನು ಅಳತೆಗೆ ಬರೋಣ. ಎಳೆಯಿಂದ ಎಳೆಗೆ ಮುಕ್ಕಾಲು ಇಂಚು ಬಿಟ್ಟು ಹೊಲಿದರೆ 36 ಇಂಚು ಅಗಲಕ್ಕೆ 48 ಎಳೆ ಬರುತ್ತವೆ. ಒಂದೊಂದು ಎಳೆ 42 ಇಂಚು ಉದ್ದ. ನಮ್ಮಲ್ಲಿ ಬಹಳ ಮಂದಿ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಆದರೂ ಒಟ್ಟು ಉದ್ದ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಂದರೆ ಒಂದು ಸಣ್ಣ ಕೌದಿಯಲ್ಲಿ ಸುಮಾರು 51 ಮೀಟರ್ ಹೊಲಿಗೆ ಇರುತ್ತದೆ. ಈಗ ಗಡಿಯಾರ ಮುಂದಿಟ್ಟುಕೊಂಡು ಒಂದು ಎಳೆ ಹೊಲಿದು ನೋಡಿರಿ. ದಾರ ಪೋಣಿಸುವುದು, ಗಂಟು ಹಾಕುವುದು ಎಲ್ಲ ಸೇರಿ 20 ನಿಮಿಷ ಹಿಡಿಯಿತು ಎನ್ನೋಣ. 48 ಎಳೆಗೆ 16 ತಾಸು. ಅರಿವೆ ತೊಳೆದು, ಇಸ್ತ್ರಿ ಮಾಡಿ, ಕತ್ತರಿಸಲು 3 ತಾಸು. ತುಂಡು ಜೋಡಿಸಿ, ಪದರು ಹಾಸಿ, ಕಚ್ಚಾ ಹೊಲಿಗೆ ಹಾಕಲು 3 ತಾಸು. ಅಂಚು ಮಡಿಸಿ ಹೊಲಿಯಲು, ಕೊನೆಗೆ ತೊಳೆದು ಒಣಗಿಸಲು 2 ತಾಸು. ಎಲ್ಲ ಕೂಡಿ 24 ತಾಸು, ಅಂದರೆ 8 ತಾಸಿನ ಮೂರು ದಿನದ ಕೆಲಸ.

ಈ ಮೂರು ದಿನಕ್ಕೆ ಎಷ್ಟು ಹಿಡಿಯಬೇಕು? ಸರಕಾರವೇ ಒಂದು ಗೆರೆ ಹಾಕಿದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ. ಮಣ್ಣು ಹೊರುವ ಕೂಲಿಗಿಂತ ಕಡಿಮೆಗೆ ಕೈಕಸುಬಿನ ಕೆಲಸ ಮಾಡಬಾರದು ಎಂಬುದನ್ನಾದರೂ ನಾವು ಒಪ್ಪಿಕೊಳ್ಳೋಣ. ಮೂರು ದಿನಕ್ಕೆ 1,110 ರೂಪಾಯಿ ಆಯಿತು. ಹಿಂಭಾಗದ ಹೊಸ ಹತ್ತಿ ಅರಿವೆ, ಮೇಲಿನ ತುಂಡುಗಳು, ದಾರ ಎಲ್ಲ ಸೇರಿ 200 ರೂಪಾಯಿ, ಕಟ್ಟಿ ಕಳಿಸುವ ಚೀಲಕ್ಕೆ 30 ರೂಪಾಯಿ ಎಂದು ಹಿಡಿದರೆ ಒಟ್ಟು 1,340. ಕೆಟ್ಟುಹೋದ ಅರಿವೆ, ಫೋನ್ ಖರ್ಚು ಇತ್ಯಾದಿಗೆ ನೂರಕ್ಕೆ ಹತ್ತರಂತೆ 134 ಸೇರಿಸಿದರೆ 1,474. ಹಾಗಾಗಿ ಮಾರುವ ಬೆಲೆ 1,500 ರೂಪಾಯಿ, ಕೊರಿಯರ್ ಖರ್ಚು ಬೇರೆ. ಅರಿವೆಯ ದರ ನಿಮ್ಮೂರಲ್ಲಿ ಹೆಚ್ಚುಕಡಿಮೆ ಇದ್ದರೆ ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿರಿ.

ಈಗ ಯಾರೋ ಒಬ್ಬರು ಬಂದು ‘ಒಂದಕ್ಕೆ 600 ಕೊಡುತ್ತೇನೆ, ಇಪ್ಪತ್ತು ಹೊಲಿದುಕೊಡಿ, ನಾನೇ ಆನ್‌ಲೈನ್ ಹಾಕಿ ಮಾರುತ್ತೇನೆ’ ಎಂದರೆ ಏನು ಹೇಳುತ್ತೀರಿ? 600ರಲ್ಲಿ ಅರಿವೆ ಮತ್ತು ಚೀಲದ 230 ಕಳೆದರೆ ಉಳಿಯುವುದು 370. ಅಂದರೆ ಮೂರು ದಿನ ದುಡಿದು ಒಂದು ದಿನದ ಕೂಲಿ ತೆಗೆದುಕೊಂಡಂತೆ. ಇಪ್ಪತ್ತು ಕೌದಿಯ ಆರ್ಡರ್ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ನಿಮ್ಮ ನಲವತ್ತು ದಿನದ ಕೂಲಿ ಮುಳುಗುತ್ತದೆ. ಹೀಗೆ ಲೆಕ್ಕ ಬರೆದಿಟ್ಟವಳಿಗೆ ಮಾತ್ರ ಬೇಡ ಎನ್ನಲು ಧೈರ್ಯ ಬರುತ್ತದೆ.

‘1,500 ಯಾರು ಕೊಡುತ್ತಾರೆ ಅಕ್ಕ?’ ಎಂದು ನೀವು ಕೇಳಬಹುದು. ಎಲ್ಲರೂ ಕೊಡುವುದಿಲ್ಲ. ಬೆಲೆ ಇಳಿಸಲೇಬೇಕಾದರೆ ಕೂಲಿ ಇಳಿಸಬೇಡಿರಿ, ಹೊಲಿಗೆಯ ಅಂತರ ಹೆಚ್ಚಿಸಿರಿ. ಮುಕ್ಕಾಲು ಇಂಚಿನ ಬದಲು ಒಂದು ಇಂಚು ಬಿಟ್ಟರೆ 48 ಎಳೆಯ ಜಾಗದಲ್ಲಿ 36 ಆಗುತ್ತವೆ, ನಾಲ್ಕು ತಾಸು ಉಳಿಯುತ್ತದೆ. ಬೆಲೆಯನ್ನು ಸುಮಾರು 200 ರೂಪಾಯಿ ಇಳಿಸಬಹುದು, ತಾಸಿನ ಕೂಲಿ ಹಾಗೇ ಇರುತ್ತದೆ. ಇದಕ್ಕೂ ಒಂದು ಮಿತಿ ಇದೆ. ಒಂದೂವರೆ ಇಂಚು ದಾಟಿದರೆ ನಾಲ್ಕಾರು ಸಲ ತೊಳೆಯುವಷ್ಟರಲ್ಲಿ ಒಳಪದರು ಸರಿದು ಒಂದು ಕಡೆ ಗಂಟುಗಟ್ಟುತ್ತದೆ.

ಅರಿವೆಯ ವಿಷಯದಲ್ಲಿ ಮೂರು ಕಡೆ ತಪ್ಪುತ್ತದೆ. ಮೊದಲನೆಯದು ಬಣ್ಣ. ಕೆಂಪು, ಕುಂಕುಮ ಬಣ್ಣ, ಕಪ್ಪು ಇವು ಹೆಚ್ಚು ಬಿಡುತ್ತವೆ. ಮನೆಯ ಕೌದಿಯಲ್ಲಿ ಅದು ನಡೆಯುತ್ತದೆ, ಮಗುವಿನ ಬಿಳಿ ಅಂಗಿಗೆ ಅಂಟಿದರೆ ಕೊಂಡವರು ಬಿಡುವುದಿಲ್ಲ. ಪ್ರತಿ ಅರಿವೆಯಿಂದ ಅಂಗೈಯಗಲ ತುಂಡು ಕತ್ತರಿಸಿ, ಒಂದು ಬಿಳಿ ಅರಿವೆಯ ಜೊತೆ ಸುತ್ತಿ, ಸೋಪಿನ ಪುಡಿ ಹಾಕಿದ ಬೆಚ್ಚನೆ ನೀರಿನಲ್ಲಿ ಅರ್ಧ ತಾಸು ಇಡಿರಿ. ಹಿಂಡಿದಾಗ ಬಿಳಿ ಅರಿವೆ ಬಿಳಿಯಾಗಿಯೇ ಉಳಿದರೆ ಮಾತ್ರ ಆ ಅರಿವೆ ಹಾಕಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಇದೆ. ಈಗಿನ ಗಿರಣಿ ಬಣ್ಣಗಳಿಗೆ ಅದು ಕೆಲಸ ಮಾಡುವುದಿಲ್ಲ.

ಎರಡನೆಯದು ಕುಗ್ಗುವುದು. ಹೊಸ ಹತ್ತಿ ಅರಿವೆ ಮೊದಲ ತೊಳೆತಕ್ಕೆ ಕುಗ್ಗುತ್ತದೆ, ನೂರು ಸಲ ತೊಳೆದ ಹಳೆಯ ಸೀರೆ ಕುಗ್ಗುವುದಿಲ್ಲ. ತೊಳೆಯದೆ ಎರಡನ್ನೂ ಸೇರಿಸಿ ಹೊಲಿದರೆ ಕೌದಿ ಮೊದಲ ಸಲ ನೀರು ಕಂಡಾಗಲೇ ಒಂದು ಬದಿ ಸುಕ್ಕುಗಟ್ಟಿ ಮೂಲೆ ಮೇಲೇಳುತ್ತದೆ. ಕತ್ತರಿಸುವ ಮೊದಲೇ ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆಯುವುದೊಂದೇ ಇದಕ್ಕೆ ಉಪಾಯ.

ಮೂರನೆಯದು ಹಳೆಯ ಸೀರೆಯ ಶಕ್ತಿ. ಒಳಪದರಿಗೆ ಹಳೆಯ ಹತ್ತಿ ಸೀರೆಯಷ್ಟು ಮೆತ್ತನೆಯದು ಬೇರೆ ಇಲ್ಲ. ಆದರೆ ಎರಡೂ ಹೆಬ್ಬೆರಳಿನಿಂದ ಹಿಡಿದು ಜಗ್ಗಿದಾಗ ‘ಪರ್’ ಎಂದು ಹರಿದರೆ ಅದರ ಆಯುಸ್ಸು ಮುಗಿದಿದೆ ಎಂದು ತಿಳಿಯಿರಿ. ಮೇಲ್ಭಾಗಕ್ಕೆ ದರ್ಜಿಯ ಹತ್ತಿರ ಉಳಿಯುವ ಹತ್ತಿಯ ಕುಬಸದ ತುಂಡುಗಳು ಸಾಕು. ಪಾಲಿಸ್ಟರ್ ತುಂಡು ಸೇರಿಸಬೇಡಿರಿ, ಅದು ಬೆವರು ಹೀರುವುದಿಲ್ಲ. ಗೊತ್ತಾಗದಿದ್ದರೆ ಒಂದು ಎಳೆ ತೆಗೆದು ಸುಟ್ಟು ನೋಡಿರಿ. ಹತ್ತಿ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಮಗುವಿನ ಕೌದಿ ಎಂದ ಮೇಲೆ ಕನ್ನಡಿ, ಮಣಿ, ಗುಂಡಿ, ಜರಿ ಏನೂ ಇರಬಾರದು. ಮಗು ಬಾಯಿಗೆ ಹಾಕುತ್ತದೆ. ಗಂಟುಗಳನ್ನು ಪದರಿನೊಳಗೆ ಎಳೆದು ಮುಚ್ಚಿರಿ. ಮಾರುವಾಗ ‘ಹಾಸಲು’ ಎಂದು ಬರೆಯಿರಿ, ‘ಹೊದಿಸಲು’ ಎಂದು ಬರೆಯಬೇಡಿರಿ. ಒಂದು ವರ್ಷದೊಳಗಿನ ಮಗು ಮಲಗಿದಾಗ ಮೇಲೆ ಸಡಿಲ ಹೊದಿಕೆ ಇರಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟೀತು ಎಂದು ವೈದ್ಯರು ಹೇಳುತ್ತಾರೆ. ಮಗು ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸುವುದಕ್ಕೆ ಇದು ಸರಿಯಾದ ವಸ್ತು.

ನಮ್ಮಂಥವರಿಗೆ ಇನ್ನೊಂದು ಎಚ್ಚರಿಕೆ ಬೇಕು, ಅದು ವಾಸನೆ. ದನದ ಕೊಟ್ಟಿಗೆ, ಒಲೆಯ ಹೊಗೆ ನಮ್ಮ ಮೂಗಿಗೆ ತಿಳಿಯುವುದಿಲ್ಲ, ಬೆಂಗಳೂರಿನಲ್ಲಿ ಚೀಲ ಬಿಚ್ಚಿದವರಿಗೆ ಮೊದಲು ತಿಳಿಯುವುದೇ ಅದು. ಹಾಲು ಕರೆದ ಕೈ ತೊಳೆದು, ಅಡುಗೆ ಮನೆಯಿಂದ ದೂರ ಕೂತು ಹೊಲಿಯಿರಿ. ಮುಗಿದ ಮೇಲೆ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಪೂರಾ ಒಣಗಿದ ಮೇಲೆ ಮುಚ್ಚಿಡಿರಿ. ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಇಟ್ಟರೆ ಸಾಕು. ಡಾಂಬರ್ ಗುಳಿಗೆ ಹಾಕಲೇಬಾರದು, ಅದರ ಘಾಟು ಕೆಲವು ಎಳೆ ಮಕ್ಕಳಿಗೆ ಅಪಾಯ ತರುತ್ತದೆ.

ಕೊಳ್ಳುವವರಿಗೆ ಇದು ಕೈಹೊಲಿಗೆ ಎಂದು ಹೇಗೆ ಗೊತ್ತಾಗಬೇಕು? ಮಷಿನ್ನಿನಲ್ಲಿ ಹೊಲಿದ ಮಕ್ಕಳ ಹೊದಿಕೆಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬೇಕಾದಷ್ಟಿವೆ. ಮಷಿನ್ ಹೊಲಿಗೆಯಲ್ಲಿ ದಾರ ಬಿಡದೆ ಒಂದೇ ಗೆರೆಯಾಗಿ ಕಾಣುತ್ತದೆ. ಕೈಹೊಲಿಗೆಯಲ್ಲಿ ಒಂದು ಟಾಕೆ, ಒಂದು ಬಿಡುವು, ಮತ್ತೊಂದು ಟಾಕೆ, ಹಿಂಭಾಗದಲ್ಲಿಯೂ ಹಾಗೇ. ಆದ್ದರಿಂದ ನಾಲ್ಕು ಫೋಟೊ ತೆಗೆಯಿರಿ. ಪೂರ್ತಿ ಕೌದಿಯದೊಂದು, ಹಿಂಭಾಗದ್ದೊಂದು, ಟಾಕೆ ಎಣಿಸಬಹುದಾದಷ್ಟು ಹತ್ತಿರದಿಂದ ಒಂದು, ಹೊಲಿಯುತ್ತಿರುವ ನಿಮ್ಮ ಕೈಯದೊಂದು. ಬೆಳಿಗ್ಗೆ ಹೊತ್ತಿನಲ್ಲಿ, ನೆರಳಿನ ಬಾಗಿಲ ಬಳಿ ತೆಗೆದರೆ ಬಣ್ಣ ಇದ್ದಂತೆ ಬರುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಣ್ಣ ತೇಲಿ, ಕೈಗೆ ಬಂದ ಮೇಲೆ ‘ಫೋಟೊದಂತಿಲ್ಲ’ ಎಂಬ ಜಗಳ ಬರುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಹೋಯಿತು. ಅವರು ಕೌದಿಯ ಮೂಲೆಗಳಲ್ಲಿ ಅರಿವೆ ಮಡಿಸಿ ಹೂವಿನಂಥದ್ದೊಂದನ್ನು ಕೂಡಿಸುತ್ತಾರೆ, ಅದನ್ನು ನೋಡಿದರೆ ಸಾಕು, ಯಾರ ಕೌದಿ ಎಂದು ತಿಳಿಯುತ್ತದೆ. ನಾವು ಅವರ ಹೂವನ್ನು ಎತ್ತಿಕೊಳ್ಳಬಾರದು, ಅದು ಅವರ ಗುರುತು. ನಿಮ್ಮ ಅತ್ತೆಯ, ಅಜ್ಜಿಯ ಟ್ರಂಕಿನಲ್ಲಿರುವ ಹಳೆಯ ಕೌದಿ ಬಿಡಿಸಿ ನೋಡಿರಿ. ಅಂಚು ಹೇಗೆ ಕಟ್ಟಿದ್ದಾರೆ, ನಡುವೆ ಯಾವ ಚೌಕ ಇಟ್ಟಿದ್ದಾರೆ ಎಂದು ನೋಡಿ, ಅದರಲ್ಲಿ ಒಂದನ್ನು ನಿಮ್ಮ ಸಂಘದ ಎಲ್ಲ ಕೌದಿಗೂ ಇಡಿರಿ.

ಇನ್ನು ಎಲ್ಲಿ ಮಾರುವುದು? ಮೊದಲ ಹತ್ತು ಕೌದಿಯನ್ನು ದೊಡ್ಡ ಆನ್‌ಲೈನ್ ಕಂಪನಿಗಳಲ್ಲಿ ಹಾಕಬೇಡಿರಿ ಎಂದು ನನ್ನ ಸಲಹೆ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ಪ್ಯಾನ್ ಕೊಟ್ಟು ಜಿಎಸ್‌ಟಿ ಜಾಲತಾಣದಲ್ಲಿ ಹೆಸರು ದಾಖಲಿಸಿಕೊಂಡು, ರಾಜ್ಯದೊಳಗೆ ಆ ಕಂಪನಿಗಳ ಮೂಲಕ ಮಾರಬಹುದು, ನಿಜ. ಆದರೆ ಅವರು ನೂರಕ್ಕೆ 20 ಹಿಡಿದುಕೊಂಡರೆ, ನಿಮ್ಮ ಕೈಗೆ 1,474 ಬರಲು ಅಲ್ಲಿ 1,850 ಎಂದು ಬರೆಯಬೇಕು. 1,500 ಎಂದೇ ಬರೆದರೆ ಹೋಗುವ 300 ರೂಪಾಯಿ ನಿಮ್ಮ ಕೂಲಿಯದೇ. ವಾಪಸ್ ಬಂದ ಸರಕಿನ ಖರ್ಚೂ ನಿಮ್ಮ ತಲೆಗೆ ಬರಬಹುದು.

ಅದರ ಬದಲು ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಫೋಟೊ, ಅಳತೆ, ಬೆಲೆ ಹಾಕಿರಿ. ಬೆಂಗಳೂರು, ಪುಣೆಗೆ ದುಡಿಯಲು ಹೋದ ನಮ್ಮ ಮಕ್ಕಳು ಆ ಕೊಂಡಿಯನ್ನು ತಮ್ಮ ಆಫೀಸಿನವರಿಗೆ ಕಳಿಸಲಿ. ಹಣ ಫೋನ್‌ಪೇಯಲ್ಲಿ ಬಂದ ಮೇಲೆ ಅಂಚೆ ಕಚೇರಿಯಿಂದ ಕಳಿಸಿರಿ. ಕರ್ನಾಟಕದ ಆಚೆ ಆರ್ಡರ್ ಹೆಚ್ಚಾದರೆ ತೆರಿಗೆ ಲೆಕ್ಕದವರನ್ನು ಒಮ್ಮೆ ಕೇಳಿ ಮುಂದುವರಿಯಿರಿ. ಅಮಾವಾಸ್ಯೆ, ಹುಣ್ಣಿಮೆಗೆ ಘತ್ತರಗಿಗೆ ಬರುವ ಭಕ್ತರಿಗೆ ಒಂದು ಕೌದಿ ತೋರಿಸಿ ನಂಬರ್ ಬರೆದ ಚೀಟಿ ಕೊಟ್ಟರೂ ಸಾಕು. ಕೈಯಿಂದ ಮುಟ್ಟಿ ನೋಡಿದವರು ಆಮೇಲೆ ಫೋನಿನಲ್ಲಿ ಧೈರ್ಯವಾಗಿ ಕೊಳ್ಳುತ್ತಾರೆ.

ದೊಡ್ಡ ಕೌದಿಗೂ ಒಂದು ದಾರಿ ಇದೆ. ತೀರಿಕೊಂಡ ತಾಯಿಯ, ಅಜ್ಜಿಯ ಸೀರೆಗಳನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡವರು ಊರಲ್ಲೂ ಪಟ್ಟಣದಲ್ಲೂ ಇದ್ದಾರೆ. ಅವರು ಸೀರೆ ಕಳಿಸಲಿ, ನೀವು ಕೌದಿ ಮಾಡಿ ಕಳಿಸಿರಿ. ಅಂಥವರು ಸೊಲ್ಲಾಪುರಿ ಚಾದರದ ಬೆಲೆ ತೆಗೆಯುವುದಿಲ್ಲ, ನಿಮಗೆ ಅರಿವೆಯ ಖರ್ಚೂ ಇಲ್ಲ. 60 ಇಂಚು ಅಗಲ, 90 ಇಂಚು ಉದ್ದಕ್ಕೆ ಸುಮಾರು ಒಂಬತ್ತು ದಿನದ ಕೆಲಸ ಹಿಡಿದರೆ ಕೂಲಿಯೇ 3,330 ರೂಪಾಯಿ. ಸೀರೆ ಕೈಗೆ ಬಂದ ಕೂಡಲೆ ಒಂದೊಂದರ ಫೋಟೊ ಕಳಿಸಿ, ಯಾವುದನ್ನು ಕತ್ತರಿಸಬಹುದು ಎಂದು ಕೇಳಿ, ಒಪ್ಪಿಗೆಯನ್ನು ಬರೆದ ಮೆಸೇಜಿನಲ್ಲೇ ಪಡೆಯಿರಿ, ಅರ್ಧ ಹಣ ಮುಂಗಡ ತೆಗೆದುಕೊಳ್ಳಿರಿ. ತಾಯಿಯ ಸೀರೆ ತಪ್ಪಿ ಕತ್ತರಿಸಿದರೆ ಯಾವ ಹಣವೂ ಅದನ್ನು ತುಂಬಿಕೊಡಲಾರದು.

ಕೊನೆಗೆ ಆದಾಯದ ಮಾತು. ಬೆಳಗಿನ ಹಾಲು ಹಾಕಿ, ಮೇವು ತಂದು, ಅಡುಗೆ ಮುಗಿಸಿದ ಮೇಲೆ ಸಂಜೆ ಕರೆಯುವ ಹೊತ್ತಿನೊಳಗೆ ನಿಮಗೆ ಸಿಗುವುದು ಹೆಚ್ಚೆಂದರೆ ಎರಡು ತಾಸು. ಹಾಗೆ ಹೊಲಿದರೆ ಒಂದು ಸಣ್ಣ ಕೌದಿಗೆ ಹನ್ನೆರಡು ದಿನ, ತಿಂಗಳಿಗೆ ಎರಡು. ಎರಡೂ ಮಾರಾಟವಾದರೆ ಕೈಗೆ ಬರುವ ಕೂಲಿ 2,220 ರೂಪಾಯಿ. ಇದರಿಂದ ಎಮ್ಮೆ ಕೊಳ್ಳಲಾಗುವುದಿಲ್ಲ. ಬತ್ತಿದ ಎಮ್ಮೆಯಿಂದ ಹಾಲಿನ ಚೀಟಿ ಬಾರದ ತಿಂಗಳುಗಳಲ್ಲಿ ಹಿಂಡಿಯ ಖರ್ಚಿಗೆ ಒಂದಿಷ್ಟು ಆಸರೆಯಾಗುತ್ತದೆ, ಅಷ್ಟೇ. ಅಷ್ಟೂ ಸಿಗದ ಬೆಲೆಗೆ ಯಾರಾದರೂ ಕೇಳಿದರೆ, ಆ ಎರಡು ತಾಸು ಮಲಗಿ ವಿಶ್ರಾಂತಿ ತೆಗೆದುಕೊಳ್ಳುವುದೇ ಮೇಲು.

ಮುಂದಿನ ಕೌದಿಗೆ ಅರಿವೆ ಹಾಸುವ ದಿನ, ಹಾಲಿನ ಪಾಸ್‌ಪುಸ್ತಕದ ಜೊತೆ ಒಂದು ಸಣ್ಣ ನೋಟ್‌ಬುಕ್ ಇಡಿರಿ. ದಿನಾಂಕ, ಕೂತ ಹೊತ್ತು, ಎದ್ದ ಹೊತ್ತು, ಖರ್ಚು ಇಷ್ಟೇ ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿರಿ. ಕೌದಿ ಮುಗಿದ ದಿನ ಕೂಡಿಸಿ ಬಂದ ಅಂಕಿಯನ್ನು ಸಂಘದ ಸಭೆಯಲ್ಲಿ ಓದಿ ಹೇಳಿರಿ. ಐದು ಮಂದಿಯ ಅಂಕಿ ಸೇರಿದರೆ ನಮ್ಮ ಕೌದಿಯ ದರವನ್ನು ನಾವೇ ಕೂತು ಗೊತ್ತುಮಾಡಬಹುದು.